ಜೋಡಿ ಎಂಬ ಗಂಟು

ಕಡತ ಓದುತ್ತ ಓದುತ್ತ ಹೊಲಕ್ಕೆ ಹೋಗಿಬಿಡುವುದು ನನ್ನ ಚಟ. ಹೋಗುವುದು ಕಣ್ಣು ಮಾತ್ರ, ಮೈ ಕುರ್ಚಿಯ ಮೇಲೇ ಇರುತ್ತದೆ. ಸೊಲ್ಲಾಪುರ ರಸ್ತೆಯಲ್ಲಿ ಮೋಟಾರು ವೈಂಡಿಂಗ್ ಮಾಡುವ ಅಂಗಡಿಯ ಮಾಳಿಗೆಯ ಮೇಲೆ ನಮ್ಮ ಆಫೀಸು. ಕೆಳಗಿನಿಂದ ವಾರ್ನಿಷ್ ವಾಸನೆ ಮೇಲೇರಿ ಬರುತ್ತದೆ, ಫ್ಯಾನು ಬಿಸಿಗಾಳಿಯನ್ನೇ ಸುತ್ತಿಸಿ ಸುತ್ತಿಸಿ ಕೊಡುತ್ತದೆ. ರೊಟ್ಟಿ ಉಂಡು ಕುಳಿತ ಮೇಲೆ ಪರದೆಯ ಮೇಲಿನ ಅಕ್ಷರಗಳು ಮೆಲ್ಲಗೆ ಬಳ್ಳಿಗಳಾಗುತ್ತವೆ. ಆಮೇಲೆ ನಾನು ಯಶೋಧರಾ ಅಲ್ಲ, ತಿಕೋಟಾ ಕಡೆಯ ಯಾವುದೋ ದ್ರಾಕ್ಷಿ ಪಡದ ನಡುವೆ ಓಡಾಡುತ್ತಿರುವ ಗಾಳಿ.

ನಮ್ಮ ಕೆಲಸ ಹೇಳಿಕೊಳ್ಳುವಂಥ ದೊಡ್ಡದೇನಲ್ಲ. ಡ್ರಿಪ್ಪಿನ, ಎಂದರೆ ಹನಿ ನೀರಾವರಿಯ, ವಾಲ್ವುಗಳನ್ನು ತಾನಾಗಿಯೇ ತೆರೆದು ಮುಚ್ಚುವ ಒಂದು ಡಬ್ಬಿ ಮಾಡುತ್ತೇವೆ. ರೈತರ ಪಂಪಿನ ಮನೆಯಲ್ಲಿ ಅದನ್ನು ಕೂರಿಸಿದರೆ ಮುಗಿಯಿತು, ಬೆಳಗ್ಗೆ ಯಾವ ಪಡಕ್ಕೆ ಎಷ್ಟು ಹೊತ್ತಿಗೆ, ಎಷ್ಟು ನಿಮಿಷ ನೀರು ಬಿಡಬೇಕೋ ಬಿಡುತ್ತದೆ, ಬಿಟ್ಟ ಮೇಲೆ ರೈತರ ಫೋನಿಗೆ ಒಂದು ಸಂದೇಶ ಕಳಿಸುತ್ತದೆ. ಇದನ್ನೆಲ್ಲ ಡಬ್ಬಿಗೆ ಹೇಳಿಕೊಡುವುದು ಒಂದು ಕಡತ. ತಿಕೋಟಾ ಕಡೆಯ ಪಡಗಳದು ಒಂದು, ಬಬಲೇಶ್ವರ ಕಡೆಯವುಗಳದು ಇನ್ನೊಂದು. ಯಾರಾದರೂ ನೀರು ಹೆಚ್ಚು ಕಡಿಮೆ ಮಾಡಿಸಬೇಕೆಂದರೆ ಆಫೀಸಿನ ಫೋನಿಗೆ ವಾಟ್ಸಾಪಿನಲ್ಲಿ ಮಾತನಾಡಿ ಕಳಿಸುತ್ತಾರೆ. ನಾನು ಕಡತ ತಿದ್ದುತ್ತೇನೆ.

ಆ ಕಡತಗಳನ್ನು ಮೊದಲು ಬರೆದವನು ರಾಜರತ್ನ. ಈಗ ಬಬಲೇಶ್ವರದಲ್ಲಿ ಸಾಲೆಯ ಮಾಸ್ತರ. ನಮ್ಮಲ್ಲಿದ್ದಾಗ ಅವನು ಎಲ್ಲವನ್ನೂ ಯಾಮಲ್‌ನಲ್ಲಿ ಬರೆದಿಟ್ಟಿದ್ದ. ಯಾಮಲ್ ಎಂದರೆ ಬರೆಯುವ ಒಂದು ರೀತಿ, ಓದಲು ಬಲು ಹಿತ. ಆವರಣಗಳ ಗದ್ದಲವಿಲ್ಲ, ಒಂದರ ಕೆಳಗೊಂದು ಸಾಲು, ಒಳಗಿನದನ್ನು ತುಸು ಒಳಕ್ಕೆ ಸರಿಸಿ ಬರೆದರೆ ಸಾಕು. ಬೇಕಾದಲ್ಲಿ ಒಂದು ಜಾಲರಿ ಚಿಹ್ನೆ ಹಾಕಿ ಮನಸ್ಸಿಗೆ ಬಂದ ಟಿಪ್ಪಣಿ ಬರೆಯಬಹುದು, ಯಂತ್ರ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಮನಸ್ಸಿಗೆ ಬಂದದ್ದು ಎಂದರೆ ರಾಜರತ್ನನಿಗೆ ಬರುತ್ತಿದ್ದುದಕ್ಕೆ ಮಿತಿಯೇ ಇರಲಿಲ್ಲ. ‘ಈ ವಾಲ್ವು ಪೂರ್ತಿ ಮುಚ್ಚಿಕೊಳ್ಳುವುದಿಲ್ಲ, ಐದು ನಿಮಿಷ ಕಡಿಮೆ ಹಾಕಿದ್ದೇನೆ.’ ‘ಈ ಯಜಮಾನರು ಉಂಡು ಮಲಗಿದಾಗ ಫೋನು ಮಾಡಿದರೆ ಬೈಯುತ್ತಾರೆ, ಚಂದ ಬೈಯುತ್ತಾರೆ, ಕೇಳಬೇಕು.’ ‘ಇಲ್ಲಿ ಚಹಾ ಬೇಡ ಅನ್ನಬೇಡ, ಸಿಟ್ಟಾಗುತ್ತಾರೆ.’ ಓದುತ್ತ ಒಬ್ಬಳೇ ನಗುತ್ತಿದ್ದೆ.

ಈ ಬೇಸಿಗೆಗೆ ಹೊಸ ಡಬ್ಬಿ ಬಂತು. ಕರೆಂಟು ಕಡಿಮೆ ತಿನ್ನುತ್ತದೆ, ಬಿಸಿಲು ತಡೆಯುತ್ತದೆ, ಆದರೆ ಮಹಾ ಹಟಮಾರಿ. ಜೇಸನ್ ಎಂಬ ಇನ್ನೊಂದು ರೀತಿ ಬಿಟ್ಟು ಬೇರೇನನ್ನೂ ಓದುವುದಿಲ್ಲ. ಅದರಲ್ಲೂ ತನಗೆ ಗೊತ್ತಿಲ್ಲದ ಒಂದು ಹೆಸರು ಕಡತದೊಳಗೆ ಕಂಡರೆ ಇಡೀ ಕಡತವನ್ನೇ ಒಲ್ಲೆ ಎನ್ನುತ್ತದೆ. ಜೇಸನ್ ಎಂದರೆ ಎಲ್ಲಕ್ಕೂ ಆವರಣ, ಎಲ್ಲಕ್ಕೂ ಉದ್ಧರಣ ಚಿಹ್ನೆ, ಎಲ್ಲ ಹೊಲಕ್ಕೂ ಕಲ್ಲಿನ ಕಂಪೌಂಡು ಕಟ್ಟಿದ ಹಾಗೆ. ಟಿಪ್ಪಣಿ ಬರೆಯಲು ಅಲ್ಲಿ ಜಾಗವೇ ಇಲ್ಲ.

ನಮ್ಮ ಮಾಲೀಕರು ಸಂಗನಬಸವ, ಎಲ್ಲರ ಬಾಯಲ್ಲಿ ಸಂಗು ಸರ. ಒಳ್ಳೆಯ ಮನುಷ್ಯ, ಅವಸರ ಒಂದು ಸ್ವಲ್ಪ ಕಡಿಮೆ ಇದ್ದರೆ ಇನ್ನೂ ಒಳ್ಳೆಯವರಾಗುತ್ತಿದ್ದರು. ಚಹಾದ ಲೋಟ ಹಿಡಿದು ನನ್ನ ಹಿಂದೆ ಬಂದು ನಿಂತರು.

“ಏನೇನ ಅಡಚಣಿ ಐತಿ ಹೇಳು, ಇಲ್ಲೇ ತೀರ್ಮಾನ ಮಾಡೂಣು.”

“ಮೂರ ಅದಾವ್ರಿ ಸರ. ಟಿಪ್ಪಣಿ ಏನ ಮಾಡೂಣು? ರಾಜರತ್ನ ಭಾಳ ಬರದಾನ.”

“ಅವನ ಕತಿ ಡಬ್ಬಿಗ್ಯಾಕ ಬೇಕ? ಹೋಗ್ಲಿ ಬಿಡು.”

ಬಿಡುವ ಮಾತೇ ಬೇಕಿರಲಿಲ್ಲ. ಯಾಮಲ್ ಓದುವ ಪ್ರೋಗ್ರಾಮು ಓದುವಾಗಲೇ ಟಿಪ್ಪಣಿಗಳನ್ನು ಚೆಲ್ಲಿಬಿಡುತ್ತದೆ. ಜೇಸನ್ ಬರೆಯುವ ಹೊತ್ತಿಗೆ ಅವು ಇದ್ದವು ಎನ್ನುವ ಗುರುತೂ ಉಳಿದಿರುವುದಿಲ್ಲ.

ಎರಡನೆಯದು ಸಂದೇಶಗಳು. ರಾಜರತ್ನ ಅವನ್ನು ಸಾಲು ಸಾಲಾಗಿ ಬರೆದು, ಮೇಲೆ ಒಂದು ನಿಂತ ಗೆರೆ ಹಾಕಿದ್ದ. ಆ ಗೆರೆ ಇದ್ದರೆ ಬರೆದ ಸಾಲುಗಳು ಬರೆದ ಹಾಗೆಯೇ ಉಳಿಯುತ್ತವೆ. ಜೇಸನ್‌ನಲ್ಲಿ ಉದ್ಧರಣ ಚಿಹ್ನೆಯ ನಡುವೆ ಸಾಲು ಮುರಿಯುವ ಹಾಗಿಲ್ಲ. ಮುರಿಯುವ ಕಡೆ ಒಂದು ಓರೆಗೆರೆ, ಪಕ್ಕದಲ್ಲಿ ಇಂಗ್ಲಿಷಿನ ‘ಎನ್’ ಅಕ್ಷರ ಬಂದು ಕುಳಿತು, ಇಡೀ ಸಂದೇಶ ಒಂದೇ ಉದ್ದನೆಯ ಸಾಲಾಗುತ್ತದೆ. ಮೊದಲ ಸಲ ಪರಿವರ್ತಿಸಿದಾಗ ಅದಕ್ಕೂ ಮಿಗಿಲಾದದ್ದು ಕಂಡಿತ್ತು. ‘ನಮಸ್ಕಾರ’ ಎಂಬ ಪದ ಓರೆಗೆರೆ, ‘ಯು’, ಸೊನ್ನೆ, ‘ಸಿ’ ಎಂದು ಏನೇನೋ ಆಗಿತ್ತು. ಸಂಗು ಸರ ಎದೆ ಹಿಡಿದುಕೊಂಡರು. ಯಂತ್ರಕ್ಕೆ ಅದೂ ಕನ್ನಡವೇ, ಅಕ್ಷರದ ಬದಲು ಅಕ್ಷರದ ಸಂಖ್ಯೆ ಬರೆದಿದೆ ಅಷ್ಟೇ, ಬರೆಯುವ ಪ್ರೋಗ್ರಾಮಿಗೆ ಒಂದು ಮಾತು ಹೇಳಿದರೆ ಅಕ್ಷರವನ್ನೇ ಇಡುತ್ತದೆ ಎಂದೆ. ಹೇಳಿದೆ, ಇಟ್ಟಿತು. ಸಾಲುಗಳೂ ಫೋನಿನಲ್ಲಿ ಮೊದಲಿನ ಹಾಗೆಯೇ ಒಡೆದು ಬಂದವು. ಅವರು ಉಸಿರು ಬಿಟ್ಟು ಚಹಾ ಕುಡಿದರು.

ಮೂರನೆಯದು ಗಂಟುಗಳು. ಯಾಮಲ್‌ನಲ್ಲಿ ಒಂದು ಸುಖವಿದೆ. ಒಂದು ಕಡೆ ಬರೆದದ್ದಕ್ಕೆ ಹೆಸರಿಟ್ಟು ಗಂಟು ಹಾಕಿದರೆ, ಇನ್ನೊಂದು ಕಡೆ ಮತ್ತೆ ಬರೆಯಬೇಕಿಲ್ಲ, ಒಂದು ನಕ್ಷತ್ರ ಹಾಕಿ ಆ ಹೆಸರು ಹೇಳಿದರೆ ಸಾಕು. ಆ್ಯಂಕರ್ ಎನ್ನುತ್ತಾರೆ, ನಾನು ಗಂಟು ಎನ್ನುತ್ತೇನೆ. ಹದಿನೇಳನೆಯ ಪಡದ ನೀರಿನ ಲೆಕ್ಕಕ್ಕೆ ರಾಜರತ್ನ ‘ಜೋಡಿ’ ಎಂದು ಹೆಸರಿಟ್ಟಿದ್ದ. ಹದಿನೆಂಟರ ಮುಂದೆ ನಕ್ಷತ್ರ, ಜೋಡಿ, ಅಷ್ಟೇ. ಹದಿನೇಳು ಬಸಗೊಂಡಪ್ಪನವರ ಪಡ, ಹದಿನೆಂಟು ಅವರ ತಮ್ಮ ಶಿವಲಿಂಗನವರದು. ನಡುವೆ ಒಂದು ಬದು. ಹೊಂಡ ಒಂದು, ಪಂಪು ಒಂದು, ಡಬ್ಬಿ ಒಂದು, ವಾಲ್ವು ಎರಡು. ಯಾರು ಹೆಚ್ಚು ನೀರು ಕೇಳಿದರೂ ನಾನು ‘ಜೋಡಿ’ಯನ್ನು ತಿದ್ದುತ್ತಿದ್ದೆ, ಇಬ್ಬರಿಗೂ ಹೆಚ್ಚುತ್ತಿತ್ತು. ಅವರವರೇ ಹಾಗೆ ಮಾತಾಡಿಕೊಂಡಿದ್ದಾರೆ ಎಂದುಕೊಂಡಿದ್ದೆ.

“ಜೇಸನ್‌ದಾಗ ಗಂಟ ಇರಂಗಿಲ್ರಿ ಸರ. ಬಿಡಿಸಿ ಎರಡೂ ಕಡೆ ಬ್ಯಾರೆ ಬ್ಯಾರೆ ಬರೀತೈತಿ.”

“ಹಳೇದನ್ನೂ ಹೊಸಾದನ್ನೂ ಓದಿಸಿ ಹೋಲಿಸಿ ನೋಡು. ಒಂದ ಇದ್ರ ಮುಗೀತು.”

ಹೋಲಿಸಿದೆ. ಅಲ್ಲೂ ನಲವತ್ತು ನಿಮಿಷ, ಇಲ್ಲೂ ನಲವತ್ತು ನಿಮಿಷ. ಎರಡೂ ಕಡತ ಒಂದೇ ಎಂದು ಪರೀಕ್ಷೆ ಹಸಿರು ತೋರಿಸಿತು. ಆ ಹಸಿರು ಇವತ್ತಿನ ಮಾತು ಹೇಳುತ್ತದೆಯೇ ಹೊರತು ನಾಳೆಯದನ್ನಲ್ಲ ಎಂದು ಒಳಗೆ ಏನೋ ಚುಚ್ಚಿದ್ದು ನಿಜ. ಆದರೆ ಹೊರಗೆ ಬಿಸಿಲು, ಕಣ್ಣೆಳೆಯುತ್ತಿತ್ತು. ಆವತ್ತು ಮಧ್ಯಾಹ್ನ ಕುರ್ಚಿಯಲ್ಲೇ ಜೊಂಪು ಹತ್ತಿದಾಗ ಎರಡು ಪಡಗಳ ನಡುವೆ ಒಂದು ದಾರ ಬಿಗಿದಿದ್ದು, ಯಾರೋ ಬಂದು ಅದನ್ನು ಬಿಚ್ಚಿ ಚಂದವಾಗಿ ಸುತ್ತಿ ಜೇಬಿಗೆ ಹಾಕಿಕೊಂಡು ಹೋದ ಹಾಗೆ ಕನಸು ಬಿತ್ತು. ಬಳ್ಳಿಗಳೇನೂ ಬೀಳಲಿಲ್ಲ. ಎದ್ದು ಮುಖ ತೊಳೆದುಕೊಂಡು ಕಡತ ಕಳಿಸಿದೆ.

ಬಳ್ಳಿ ಕತ್ತರಿಸುವ ಚಾಟ್ನಿ ಮುಗಿದು ಬಳ್ಳಿಗಳು ಚಿಗುರೊಡೆಯುವ ಕಾಲ. ಶಿವಲಿಂಗನವರ ಹೆಂಡತಿ ರೇಣುಕವ್ವನಿಂದ ಮಾತು ಬಂತು: ಬಿಸಿಲು ಹೆಚ್ಚಾಗಿದೆ, ಹತ್ತು ನಿಮಿಷ ಜಾಸ್ತಿ ಮಾಡ್ರಿ. ಹದಿನೆಂಟನ್ನು ತೆರೆದೆ. ಅಲ್ಲಿ ಈಗ ನಕ್ಷತ್ರವಿರಲಿಲ್ಲ, ನಲವತ್ತು ಎಂದಿತ್ತು. ಐವತ್ತು ಮಾಡಿ ಕಳಿಸಿದೆ. ಹದಿನೇಳರ ಕಡೆ ಕಣ್ಣು ಹಾಯಲೂ ಇಲ್ಲ.

ಆ ವಾರವೇ ಕಾಶಿಬಾಯಿ ಆಫೀಸಿಗೆ ಬಂದರು. ಬಸಗೊಂಡಪ್ಪನವರ ಹೆಂಡತಿ. ಮಾಳಿಗೆ ಮೆಟ್ಟಿಲು ಹತ್ತಿ ದಮ್ಮು ಹತ್ತಿತ್ತು. ನೀರು ಕೊಟ್ಟೆ, ಕುಡಿದರು. ಸೆರಗಿನಿಂದ ಬಾಯಿ ಒರೆಸಿಕೊಂಡು ನನ್ನ ಹತ್ತಿರಕ್ಕೆ ಕುರ್ಚಿ ಎಳೆದುಕೊಂಡರು.

“ತಂಗಿ, ನಮ್ಮ ಶಿವಲಿಂಗ ನಮ್ಮ ಮ್ಯಾಲ ಏನರ ಸಿಟ್ಟಾಗ್ಯಾನ ಏನ? ನಿಮ್ಮ ಮುಂದ ಏನರ ಅಂದಾನ?”

“ಇಲ್ರೀ ಅಕ್ಕಾರ. ಯಾಕ್ರಿ?”

ಅವರು ಹೇಳಿದ್ದು ಇಷ್ಟು. ಪಾಲಾದ ಮೇಲೆ ಶಿವಲಿಂಗ ಒಣದ್ರಾಕ್ಷಿಯ ಶೆಡ್ಡು ಹಾಕಿದ. ಇಬ್ಬರಿಗೂ ಸೇರಿದ ಕಣದ ಜಾಗದಲ್ಲಿ ಹಾಕಿದ, ಅಣ್ಣನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಅಣ್ಣ ನಿಂತು ಹಾಕಿಸುತ್ತಿದ್ದ. ಅಂದಿನಿಂದ ಇಬ್ಬರ ನಡುವೆ ಮಾತಿಲ್ಲ. ಬದುವಿನ ಈ ಕಡೆ ಇವರು, ಆ ಕಡೆ ಅವರು.

“ಖರೇ, ನೀರಿನಾಗ ಮಾತ್ರ ಅವ ನಮ್ಮನ್ನ ಎಂದೂ ಬಿಟ್ಟಿದ್ದಿಲ್ಲವ್ವಾ. ಬ್ಯಾಸಗಿ ಬಿದ್ದ ಕೂಡಲೇ ಎಷ್ಟೋ ಸಲ ನಾವು ಕೇಳೂಕ್ಕಿಂತ ಮದಲ ನಮ್ಮ ನೀರು ಹೆಚ್ಚಾಗ್ತಿತ್ತು. ತನಗ ಕೇಳುವಾಗ ಅಣ್ಣಂದೂ ಸೇರಿಸಿ ಕೇಳ್ತಾನ ಅಂತ ನಮ್ಮ ಮನ್ಯಾವ್ರು ಒಳಗೊಳಗ ಹಿಗ್ಗತಿದ್ರು. ಬಾಯಿ ಬಿಟ್ಟು ಅಂತಿದ್ದಿಲ್ಲ. ಮುಂಜಾನೆ ಬದಿನ ಮ್ಯಾಲ ಕುಂತು ಎರಡೂ ಕಡೆ ಹನಿ ಒಮ್ಮೆ ನಿಂದ್ರೂದು ಕೇಳಿ ಎದ್ದ ಬರ್ತಿದ್ರು. ಈಗ ನಮ್ದು ನಿಂತ ಮ್ಯಾಲೂ ಆ ಕಡೆ ಟಿಕ್ ಟಿಕ್ ಅಂತ ಬೀಳಾಕತ್ತೈತಿ. ಮದಲನೇ ದಿನ ಸುಮ್ಮನಿದ್ರು. ನಿನ್ನಿ ಅಂದ್ರು, ಇನ್ನ ಆ ಎಳೀನೂ ಹರೀತು ಅಂತ. ಸೋಮವಾರ ಆಳ ಕರಸತಾರಂತ. ಪೈಪು ಕತ್ತರಿಸಿ, ಬ್ಯಾರೆ ಹೊಂಡ ತೋಡಿ, ನಡುವ ಗ್ವಾಡಿ ಕಟ್ಟತಾರಂತ.”

ಏನು ಹೇಳಲಿ? ನಿಮ್ಮ ಮೈದುನ ಎಂದೂ ನಿಮಗಾಗಿ ಕೇಳಿರಲಿಲ್ಲ, ಅದೊಂದು ನಕ್ಷತ್ರ ಚಿಹ್ನೆ ಎಂದೇ? ಆ ಮುಖ ನೋಡಿ ಹೇಳಲು ಆಗಲಿಲ್ಲ. ನೋಡತೇನ್ರಿ ಅಕ್ಕಾರ, ಸೋಮವಾರದೊಳಗ ಬರ್ತೇನಿ ಎಂದಷ್ಟೇ ಹೇಳಿ, ಮೆಟ್ಟಿಲಿನ ಕೆಳಗಿನವರೆಗೂ ಹೋಗಿ ರಿಕ್ಷಾ ಹತ್ತಿಸಿ ಬಂದೆ.

ಮೇಲೆ ಬಂದವಳೇ ರಾಜರತ್ನನಿಗೆ ಫೋನು ಮಾಡಿದೆ.

“ಹದಿನೇಳು ಹದಿನೆಂಟಕ್ಕ ಯಾಕ ಗಂಟ ಹಾಕಿದ್ದಿ? ಅವ್ರು ಹೇಳಿದ್ರೇನ?”

ಅತ್ತ ಕಡೆಯಿಂದ ನಗು ಬಂತು. “ಯಾರೂ ಹೇಳಿಲ್ಲವಾ. ಎರಡೂ ಒಂದ ಇದ್ದೂ, ಮತ್ತೊಮ್ಮೆ ಯಾಕ ಟೈಪ್ ಮಾಡೂದಂತ ಬ್ಯಾಸರಾತು. ಹಾಕಿಬಿಟ್ನಿ. ಯಾಕ, ಏನಾತು?”

ಏನೂ ಇಲ್ಲ ಎಂದು ಇಟ್ಟುಬಿಟ್ಟೆ. ಬೇಸರಕ್ಕೆ ಹಾಕಿದ ಗಂಟು! ಇಷ್ಟು ವರ್ಷ ಒಬ್ಬ ಮನುಷ್ಯ ಬದುವಿನ ಮೇಲೆ ಕುಳಿತು ಅದನ್ನೇ ತಮ್ಮನ ಪ್ರೀತಿ ಎಂದು ಕೇಳಿಸಿಕೊಂಡಿದ್ದ. ನನಗೆ ನಗು ಬರಲಿಲ್ಲ. ಅಳು ಬಂತು ಎಂದರೂ ತಪ್ಪಲ್ಲ.

ಸಂಗು ಸರಗೆ ಎಲ್ಲ ಹೇಳಿದೆ.

“ಅದಕ್ಯಾಕ ಇಷ್ಟ ವಿಚಾರ? ಹದಿನೇಳಕ್ಕೂ ಐವತ್ತ ಹಾಕು. ಅವ್ರು ಮತ್ತ ತಮ್ಮನ ಕೇಳ್ಯಾನಂತ ತಿಳ್ಕೋತಾರ. ನಾವು ನೀರ ಬಿಡಾವ್ರು, ಮನಿ ಪಂಚಾಯ್ತಿ ಮಾಡಾವ್ರಲ್ಲ.”

“ಈ ಸಲ ಹಾಕತೇನಿ. ಮುಂದಿನ ಸಲ? ನನ್ನ ನಂತರ ಬರಾಕಿಗೆ ಇದು ಹೆಂಗ ಗೊತ್ತಾಗಬೇಕ್ರಿ? ಬರದಿಡಾಕ ಟಿಪ್ಪಣಿ ಜಾಗಾನೂ ಇಲ್ಲ. ಸುಳ್ಳಿನ ಮ್ಯಾಲ ನಿಂತದ್ದು ಎಷ್ಟ ದಿನ ನಿಂದರತೈತ್ರಿ?”

“ಸುಳ್ಳ ಯಾರ ಹೇಳ್ಯಾರ?”

ನನಗೆ ಸಿಟ್ಟು ಬಂದರೆ ಕಾಲು ನಿಲ್ಲುವುದಿಲ್ಲ. ಭಾನುವಾರ ಬೆಳಗಿನ ಮೊದಲ ಬಸ್ಸಿಗೇ ತಿಕೋಟಾಕ್ಕೆ ಹೊರಟೆ.

ಬಸ್ಸಿಳಿದು ಪಡದ ದಾರಿ ಹಿಡಿದಾಗ ಇನ್ನೂ ಬೆಳಕು ಪೂರ್ತಿ ಆಗಿರಲಿಲ್ಲ. ಕಂಬಗಳ ಮೇಲೆ ಹಬ್ಬಿದ ಬಳ್ಳಿಗಳ ತುದಿಯಲ್ಲಿ ಎಳೆ ಚಿಗುರು ಕೆಂಪಗೆ ನಡುಗುತ್ತಿತ್ತು. ಎಲ್ಲೋ ಒಳಗೆ ಡಬ್ಬಿ ಟಕ್ಕೆಂದಿತು, ಪಂಪು ಗುಂಯ್ ಎಂದಿತು, ಪೈಪುಗಳಲ್ಲಿ ಗಾಳಿ ಸುಯ್ಯೆಂದು ಹೊರಟು ಹೋಯಿತು. ಆಮೇಲೆ ಹನಿಗಳು ಶುರುವಾದವು, ಮೊದಲು ಒಂದು, ಆಮೇಲೆ ಎಣಿಸಲಾಗದಷ್ಟು, ಎಡಕ್ಕೂ ಬಲಕ್ಕೂ. ನಾನು ಪರದೆಯ ಮೇಲೆ ಎಷ್ಟೋ ಸಲ ಕಂಡಿದ್ದ ಜಾಗ. ಆದರೆ ಪರದೆಯ ಮೇಲೆ ಮಣ್ಣಿನ ವಾಸನೆ ಇರಲಿಲ್ಲ. ಒಂದು ಗಳಿಗೆ ನಾನು ಕುರ್ಚಿಯಲ್ಲಿ ಕುಳಿತು ಕನಸು ಕಾಣುತ್ತಿದ್ದೇನೋ, ಇಲ್ಲಿ ನಿಜವಾಗಿ ನಿಂತಿದ್ದೇನೋ ತಿಳಿಯಲಿಲ್ಲ. ಕಾಲಿಗೆ ತಂಪು ಕೆಸರು ಹತ್ತಿದಾಗ ತಿಳಿಯಿತು.

ಬದುವಿನ ಆ ಕಡೆ ಬಸಗೊಂಡಪ್ಪನವರು ಕುಳಿತಿದ್ದರು. ಬಿಳಿ ಟೊಪ್ಪಿಗೆ ಮಾತ್ರ ಕಾಣುತ್ತಿತ್ತು. ನಾನು ಅಲ್ಲಿಗೆ ಹೋಗಲಿಲ್ಲ. ಹೊತ್ತು ಕಳೆಯಿತು. ಅವರ ಕಡೆಯ ಹನಿಗಳು ಒಂದೊಂದಾಗಿ ಸುಮ್ಮನಾದವು. ಈ ಕಡೆ ಟಿಕ್ ಟಿಕ್ ನಿಲ್ಲಲಿಲ್ಲ, ಇನ್ನೂ ಜೋರಾಯಿತು, ಅವರ ಪಾಲಿನ ಒತ್ತಡವೂ ಇತ್ತಲೇ ಹರಿಯುತ್ತಿತ್ತು. ಟೊಪ್ಪಿಗೆ ಎದ್ದು ನಿಂತಿತು, ಈ ಕಡೆ ಒಮ್ಮೆ ತಿರುಗಿತು, ಮನೆಯ ಕಡೆ ಹೊರಟು ಹೋಯಿತು. ಅಷ್ಟು ಹೊತ್ತು ಆ ಹನಿಗಳ ಸದ್ದು ಕೇಳುವುದು ನನಗೇ ಕಷ್ಟವಾಯಿತು.

ಶಿವಲಿಂಗನವರು ಶೆಡ್ಡಿನ ಹತ್ತಿರ ಸಿಕ್ಕರು. ರೇಣುಕವ್ವ ಚಹಾ ತಂದುಕೊಟ್ಟರು. ರಾಜರತ್ನನ ಟಿಪ್ಪಣಿ ನೆನಪಾಗಿ ಬೇಡ ಎನ್ನದೆ ಕುಡಿದೆ.

“ಅಣ್ಣಾರ ಪೈಪು ಕತ್ತರಸ್ತಾರಂತ, ಗೊತ್ತೈತೇನ್ರಿ?”

“ಕೇಳೇನ್ರಿ ಬಾಯಾರ. ಯಾಕಂತ ತಿಳೀವಲ್ದು.” ಅವರು ನೆಲ ನೋಡುತ್ತ ಹೇಳಿದರು. “ಅಣ್ಣ ಮಾತ ಬಿಟ್ಟಾನ ಖರೆ, ನೀರ ಬಿಟ್ಟಿದ್ದಿಲ್ಲ. ಎಷ್ಟೋ ಸಲ ನಾವು ಕೇಳೂಕ್ಕಿಂತ ಮದಲ ನಮ್ಮ ನೀರು ಹೆಚ್ಚಾಗಿರ್ತಿತ್ತು. ಕೇಳ್ಯಾನ ಅಣ್ಣ ಅಂತ ತಿಳ್ಕೊಂಡ ಸುಮ್ಮನಿರ್ತಿದ್ವಿ. ಈ ವರ್ಷ ಎಷ್ಟ ಹಾದಿ ನೋಡಿದ್ರೂ ಹೆಚ್ಚಾಗಲಿಲ್ಲ. ಅದಕ್ಕ ಈಕೀನ ಕೇಳಿದ್ಳು.”

ನಾನು ಲೋಟ ಕೆಳಗಿಟ್ಟೆ. ಇವರೂ ಹಾಗೆಯೇ! ಇಬ್ಬರೂ ಒಬ್ಬರಿನ್ನೊಬ್ಬರ ಪ್ರೀತಿಯನ್ನು ಒಂದೇ ನಕ್ಷತ್ರದಲ್ಲಿ ಕುಡಿದಿದ್ದರು. ಸಂಗು ಸರ ಹೇಳಿದ ಹಾಗೆ ಸುಮ್ಮನೆ ಗಂಟು ಹಾಕಿ ಹೋಗಿಬಿಡಬಹುದಿತ್ತು. ಎಷ್ಟು ಸುಲಭವಿತ್ತು. ಆದರೆ ಬಾಯಿ ಬಿಟ್ಟೆ.

“ಅಣ್ಣಾರ ಎಂದೂ ನಿಮಗ ಅಂತ ಕೇಳಿಲ್ರಿ. ನೀವೂ ಅವ್ರಿಗೆ ಅಂತ ಕೇಳಿಲ್ಲ. ನಮ್ಮ ಕಡತದಾಗ ನಿಮ್ಮಿಬ್ಬರ ನೀರಿಗೆ ಒಂದ ಗಂಟಿತ್ತು. ಯಾರಿಗೆ ಹೆಚ್ಚ ಮಾಡಿದ್ರೂ ಇಬ್ಬರಿಗೂ ಹೆಚ್ಚಾಗ್ತಿತ್ತು. ಬರದಾಂವ ಎರಡ ಸಲ ಬರಿಯಾಕ ಬ್ಯಾಸರಾಗಿ ಹಾಕಿದ್ದು. ಹೊಸಾ ಡಬ್ಬಿಗೆ ಆ ಗಂಟ ತಿಳಿಯೂದಿಲ್ಲ. ಬಿಚ್ಚಿ ಹೋತು. ಯಾರೂ ಯಾರ ಮ್ಯಾಲೂ ಸಿಟ್ಟಾಗಿಲ್ರಿ.”

ರೇಣುಕವ್ವ ಬಾಯಿಗೆ ಸೆರಗು ಅಡ್ಡ ಹಿಡಿದರು. ಶಿವಲಿಂಗನವರು ಶೆಡ್ಡಿನ ತಗಡಿನ ಕಡೆ ತಿರುಗಿದರು.

“ಬೇಕಂದ್ರ ಆ ಗಂಟ ಮತ್ತ ಹಾಕಬಹುದ್ರಿ,” ಎಂದೆ. “ನಮ್ಮ ಆಫೀಸಿನ ಕಡತದಾಗ ಇಬ್ಬರದೂ ಒಂದ ಹೆಸರಿಗೆ ಬರದಿಟ್ಟು, ಡಬ್ಬಿಗೆ ಕಳಸುವಾಗ ಬಿಡಿಸಿ ಕಳಸ್ತೇನಿ. ಮದಲಿನಂಗ ಆಗತೈತಿ.”

“ಬ್ಯಾಡ್ರಿ.”

“ಬ್ಯಾಡಾ?”

“ಕಟ್ಟಬ್ಯಾಡ್ರಿ. ಕಟ್ಟಿದ್ರ ಕೇಳಿದ್ದು ಯಾರು, ಕೇಳದಿದ್ದಾಂವ ಯಾರು ಗೊತ್ತಾಗಂಗಿಲ್ಲ. ಈ ಶೆಡ್ಡ ಹಾಕೂವಾಗ ಒಂದ ಮಾತ ಕೇಳಲಿಲ್ಲ ನಾನು. ಅಷ್ಟ ಆಗಿದ್ದು.” ನನ್ನ ಕಡೆ ತಿರುಗಿದರು. “ಈಗ ಕೇಳತೇನಿ, ಬರಕೋರಿ. ಹದಿನೇಳಕ್ಕ ಹತ್ತ ನಿಮಿಷ ಹೆಚ್ಚ ಮಾಡ್ರಿ. ನಾ ಕೇಳೇನಂತ ಅವನ ಫೋನಿನ್ಯಾಗ ಬರ್ಲಿ. ಆಗತೈತೇನ್ರಿ?”

ಆಗುತ್ತದೆ ಎಂದೆ. ಸಂದೇಶದಲ್ಲಿ ಒಂದು ಸಾಲು ಸೇರಿಸುವುದಷ್ಟೇ.

ಬದು ದಾಟಿ ಅಣ್ಣನ ಮನೆಗೆ ಹೋದೆ. ಬಸಗೊಂಡಪ್ಪನವರು ಕಟ್ಟೆಯ ಮೇಲೆ ಕುಳಿತು ನನ್ನ ಮಾತೆಲ್ಲ ಕೇಳಿದರು. ಗಂಟಿನ ಸಂಗತಿ ಹೇಳಿದೆ, ತಮ್ಮ ಕೇಳಿದ್ದನ್ನು ಮಾತ್ರ ಹೇಳಲಿಲ್ಲ. ಅದು ಅವನ ಹೆಸರಿನಲ್ಲೇ ಬರಲಿ.

“ಅಂದ್ರ ಅವ ಎಂದೂ ಕೇಳಿಲ್ಲ.”

“ನೀವೂ ಕೇಳಿಲ್ರಿ ಅಣ್ಣಾರ.”

ಕಾಶಿಬಾಯಿ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು. ಇಷ್ಟು ವರ್ಷದ ಒಂದು ಸುಖವನ್ನು ನಾನು ಕಿತ್ತುಕೊಂಡಿದ್ದೆ. ನಾಳೆ ಬರುವ ಆಳುಗಳಿಗೆ ಬೇಡ ಅನ್ನಲೇ ಎಂದು ಅವರು ಕೇಳಿದರು. ಬಸಗೊಂಡಪ್ಪನವರು ಎದ್ದು ಒಳಗೆ ಹೋದರು.

ಮಧ್ಯಾಹ್ನ ಆಫೀಸಿಗೆ ಬಂದವಳೇ ಕೆಲಸಕ್ಕೆ ಕೂತೆ. ಹದಿನೇಳಕ್ಕೆ ಐವತ್ತು ಎಂದೆ. ಸಂದೇಶಕ್ಕೆ ನಾಲ್ಕನೆಯ ಸಾಲು ಸೇರಿಸಿದೆ. ಓರೆಗೆರೆ, ಎನ್, ಆಮೇಲೆ ಆ ಮಾತು. ಜೇಸನ್‌ನಲ್ಲಿ ಅದು ಕಣ್ಣಿಗೆ ಚುಚ್ಚುವ ಒಂದು ಉದ್ದನೆಯ ಸಾಲು. ಆದರೆ ಅವರ ಪುಟ್ಟ ಫೋನಿನಲ್ಲಿ ಹೀಗೆ ಕಾಣುತ್ತದೆ:

ನಮಸ್ಕಾರ.
ನಿಮ್ಮ ಪಡಕ್ಕೆ ನೀರು ಬಿಟ್ಟಿದೆ.
ಇಂದು ಐವತ್ತು ನಿಮಿಷ.
ಹೆಚ್ಚಿಗೆ ಕೇಳಿದವರು: ಶಿವಲಿಂಗ.

ಕಳಿಸಿದ ಮೇಲೂ ಸುಮ್ಮನೆ ಕೂರಲಾಗಲಿಲ್ಲ. ಹಳೆಯ ಯಾಮಲ್ ಕಡತ ತೆಗೆದು ರಾಜರತ್ನನ ಟಿಪ್ಪಣಿಗಳನ್ನು ಒಂದೊಂದಾಗಿ ಓದಿದೆ. ಸೋರುವ ವಾಲ್ವಿನಂಥ ನಿಜದ ಸಂಗತಿಗಳಿಗೆ ಆಫೀಸಿನ ಜೇಸನ್‌ನಲ್ಲಿ ‘ಟಿಪ್ಪಣಿ’ ಎಂದೇ ಒಂದು ಹೆಸರಿಟ್ಟು ಜಾಗ ಕೊಟ್ಟೆ. ಡಬ್ಬಿಗೆ ಕಳಿಸುವ ಮುಂಚೆ ಸ್ಕ್ರಿಪ್ಟು ಎಂಬ ನನ್ನ ಪುಟ್ಟ ಪ್ರೋಗ್ರಾಮು ಆ ಹೆಸರನ್ನು ತೆಗೆದುಹಾಕುತ್ತದೆ, ಡಬ್ಬಿಗೂ ಮುನಿಸಿಲ್ಲ. ಬೈಯುವ ಯಜಮಾನರ ಟಿಪ್ಪಣಿ ಎಲ್ಲೋ ತಪ್ಪಿ ಅವರ ಫೋನಿಗೇ ಹೋದರೆ ಇಡೀ ಸೊಲ್ಲಾಪುರ ರಸ್ತೆಗೆ ಕೇಳಿಸುವಂತೆ ಬೈಯುತ್ತಾರೆ, ಅದನ್ನು ಅಳಿಸಿದೆ. ಉಳಿದ ಗಂಟುಗಳಿಗೆಲ್ಲ ಹೆಸರಿಟ್ಟು ಒಂದು ಕಡೆ ಬರೆದೆ, ಪಡಗಳು ಆ ಹೆಸರು ಹೇಳಿದರೆ ಸ್ಕ್ರಿಪ್ಟು ಬಿಡಿಸುತ್ತದೆ. ಹದಿನೇಳು ಹದಿನೆಂಟು ಮಾತ್ರ ಬೇರೆ ಬೇರೆಯಾಗಿಯೇ ಇಟ್ಟು, ಪಕ್ಕದಲ್ಲಿ ಟಿಪ್ಪಣಿ ಬರೆದೆ: ‘ಒಂದೇ ಇವೆ ಎಂದು ಸೇರಿಸಬೇಡಿ. ಅವರು ಕೇಳಿಕೊಳ್ಳುತ್ತಾರೆ.’

ಬರೆದೆನೇನೋ ನಿಜ, ಧೈರ್ಯ ಮಾತ್ರ ಇರಲಿಲ್ಲ.

ಸೋಮವಾರ ಆಳುಗಳು ಬಂದರಂತೆ. ಬಸಗೊಂಡಪ್ಪನವರು ಫೋನು ಹಿಡಿದು ಬದುವಿನ ಮೇಲೆ ಕುಳಿತೇ ಇದ್ದರಂತೆ. ಚಹಾ ಕುಡಿಸಿ ಆಳುಗಳನ್ನು ಹಾಗೇ ಕಳಿಸಿದರು ಎಂದು ಕಾಶಿಬಾಯಿ ತಿಳಿಸಿದರು. ಮಾತಾಡಿದರೇನು ಎಂದು ಕೇಳಿದೆ. ಇಲ್ಲವ್ವಾ, ಆ ಕಡೆ ನೋಡೂದಿಲ್ಲ, ಈ ಕಡೆ ಬರೂದಿಲ್ಲ, ಸಂದೇಶ ಮಾತ್ರ ತೆಗೆದು ತೆಗೆದು ಓದ್ತಾರ ಎಂದರು. ಆಮೇಲೆ ದಿನಗಳು ಸುಮ್ಮನೆ ಹೋದವು. ಬಿಸಿಲು ಇನ್ನೂ ಏರಿತು. ಪರದೆಯ ಮೇಲೆ ಆ ಎರಡು ಪಡಗಳು ಒಂದರ ಕೆಳಗೊಂದು, ತಮ್ಮ ತಮ್ಮ ಆವರಣದೊಳಗೆ, ನಡುವೆ ಒಂದು ಅಲ್ಪವಿರಾಮ ಇಟ್ಟುಕೊಂಡು ಕುಳಿತಿದ್ದವು. ಅವನ್ನು ನೋಡುತ್ತ ಎಷ್ಟೋ ಮಧ್ಯಾಹ್ನ ನನ್ನ ಕಣ್ಣು ತೂಗಿತು.

ಅಂಥದೇ ಒಂದು ಮಧ್ಯಾಹ್ನ ಆಫೀಸಿನ ಫೋನು ಗುಂಯ್ ಎಂದಿತು. ವಾಟ್ಸಾಪಿನಲ್ಲಿ ಬಸಗೊಂಡಪ್ಪನವರ ದನಿ.

“ನಮಸ್ಕಾರ್ರಿ. ಬಿಸಲ ಭಾಳ ಆಗೈತಿ. ಹದಿನೆಂಟಕ್ಕ ಹತ್ತ ನಿಮಿಷ ಜಾಸ್ತಿ ಮಾಡ್ರಿ.”

ಹದಿನೆಂಟೇ? ವಯಸ್ಸಾದವರು, ಸಂಖ್ಯೆ ತಪ್ಪಿರಬೇಕು ಎಂದು ತಕ್ಷಣ ಫೋನು ಮಾಡಿದೆ.

“ಅಣ್ಣಾರ, ನಿಮ್ಮದು ಹದಿನೇಳ್ರಿ.”

“ಗೊತ್ತೈತಿ ತಂಗಿ.”

“ಹದಿನೆಂಟ ತಮ್ಮಾರದು.”

“ಅದೂ ಗೊತ್ತೈತಿ. ಅವಂದಕ್ಕ ಹಾಕು. ಅವನ ಫೋನಿಗೆ ನನ್ನ ಹೆಸರ ಬರೂದು ಮರೀಬ್ಯಾಡ.”

“ಹಂಗಾರ ನಿಮಗ? ನಿಮ್ಮ ಪಡಕ್ಕ ಬ್ಯಾಡೇನ್ರಿ?”

ಆ ಕಡೆ ಗಾಳಿ ಎಲೆಗಳಲ್ಲಿ ಆಡುವ ಸದ್ದು ಕೇಳಿಸಿತು.

“ನನಗ ಅವ ಕೇಳತಾನ,” ಎಂದರು.

ಹದಿನೆಂಟನ್ನು ಅರವತ್ತು ಮಾಡಿ, ಹೆಸರು ಬರೆದು ಕಳಿಸಿದೆ. ಹದಿನೇಳನ್ನು ಮುಟ್ಟಲಿಲ್ಲ. ಕೈ ಎಷ್ಟು ತುರಿಸಿದರೂ ಮುಟ್ಟಲಿಲ್ಲ. ಫೋನನ್ನು ಮುಂದಿಟ್ಟುಕೊಂಡು, ಕೆಳಗಿನ ವಾರ್ನಿಷ್ ವಾಸನೆ ಕುಡಿಯುತ್ತ, ಅರೆಗಣ್ಣಿನಲ್ಲಿ ಕಾಯುತ್ತ ಕುಳಿತೆ. ಬಿಸಿಲು ಕಿಟಕಿಯಿಂದ ಇಳಿದು ನೆಲಕ್ಕೆ ಬಂತು. ಸಂಗು ಸರ ಎರಡು ಸಲ ಬಂದು, ಏನ ಮಾಡಾಕತ್ತಿ ಎಂದು ಕೇಳಿ ಹೋದರು. ಮರುದಿನ ಬೆಳಗ್ಗೆ ನಾನು ಆಫೀಸಿನ ಬೀಗ ತೆರೆಯುವಷ್ಟರಲ್ಲಿ ಶಿವಲಿಂಗನವರ ಮಾತು ಬಂದು ಬಿದ್ದಿತ್ತು. ನಮಸ್ಕಾರವೂ ಇಲ್ಲ, ಬಿಸಿಲಿನ ಸುದ್ದಿಯೂ ಇಲ್ಲ. ಹನಿಗಳ ಸದ್ದಿನ ನಡುವೆ ನಿಂತು ಮಾತಾಡಿದ್ದರು.

“ಬಾಯಾರ, ಅಣ್ಣಂದು ನಿಂತೈತಿ, ನಮ್ದು ಇನ್ನೂ ಬೀಳಾಕತ್ತೈತಿ. ಹದಿನೇಳಕ್ಕೂ ಹತ್ತ ನಿಮಿಷ ಹೆಚ್ಚ ಮಾಡ್ರಿ. ಇಲ್ಲೇ ಬದಿನ ಮ್ಯಾಲ ಅವನ ಬಾಜೂ ಕುಂತೇನಿ.”